ಚಿಕ್ಕಿ, ಬಿಸ್ಕತ್ತು, ಹುರಿದ ಕಡಲೆ: ಪೊಟ್ಟಣದ ತಿಂಡಿಗಳ ಕ್ಯಾಲೊರಿ, ಪ್ರೋಟೀನ್, ಸಕ್ಕರೆಯನ್ನು ಒಂದೇ ಕೋಷ್ಟಕದಲ್ಲಿ ಹೋಲಿಸುವ ಬಗೆ

ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಒಂದು ಸರ್ವಿಂಗ್‌ಗೆ 90 ಕ್ಯಾಲೊರಿ ಎನ್ನುತ್ತದೆ. ಪಕ್ಕದಲ್ಲಿರುವ ಮಸಾಲೆ ಹುರಿದ ಕಡಲೆಯ ಪೊಟ್ಟಣ ಒಂದು ಸರ್ವಿಂಗ್‌ಗೆ 114 ಎನ್ನುತ್ತದೆ. ಅಂಗಡಿಯಲ್ಲಿ ನಿಂತು ಇಷ್ಟನ್ನೇ ಓದಿದವರು ಬಿಸ್ಕತ್ತೇ ಹಗುರವೆಂದು ಅದನ್ನೇ ಬುಟ್ಟಿಗೆ ಹಾಕುತ್ತಾರೆ. ಆದರೆ ಬಿಸ್ಕತ್ತಿನವರು ಒಂದು ಸರ್ವಿಂಗ್ ಎಂದು ಹಿಡಿದಿರುವುದು 20 ಗ್ರಾಂ, ಅಂದರೆ ನಾಲ್ಕು ಬಿಸ್ಕತ್ತು. ಕಡಲೆಯವರು ಹಿಡಿದಿರುವುದು 30 ಗ್ರಾಂ. ಎರಡನ್ನೂ 100 ಗ್ರಾಂಗೆ ತಂದರೆ ಬಿಸ್ಕತ್ತು 450 ಕ್ಯಾಲೊರಿ, ಕಡಲೆ 380. ಲೆಕ್ಕ ತಲೆಕೆಳಗಾಯಿತು.

ಸರ್ವಿಂಗ್ ಎಷ್ಟು ಗ್ರಾಂ ಎಂಬುದನ್ನು ನಮ್ಮಲ್ಲಿ ಬಹುಮಟ್ಟಿಗೆ ತಯಾರಕರೇ ತೀರ್ಮಾನಿಸುತ್ತಾರೆ. ಆದ್ದರಿಂದ ಎರಡು ಪೊಟ್ಟಣಗಳ ಸರ್ವಿಂಗ್ ಅಂಕಿಗಳನ್ನು ನೇರವಾಗಿ ಎದುರುಬದುರು ಇಡುವಂತಿಲ್ಲ. ಹಾಗೆಂದು 100 ಗ್ರಾಂ ಅಂಕಿ ಮಾತ್ರ ಸಾಕೆಂದೂ ಹೇಳಲಾಗದು, ಏಕೆಂದರೆ ಚಿಕ್ಕಿಯನ್ನು ಯಾರೂ ಒಂದೇ ಸಲಕ್ಕೆ 100 ಗ್ರಾಂ ತಿನ್ನುವುದಿಲ್ಲ. ಪದಾರ್ಥದ ಗುಣ ಗೊತ್ತಾಗುವುದು 100 ಗ್ರಾಂ ಲೆಕ್ಕದಿಂದ. ನಮ್ಮ ಹೊಟ್ಟೆಗೆ ಹೋಗುವುದೆಷ್ಟು ಎಂಬುದು ಗೊತ್ತಾಗುವುದು ಪ್ರಮಾಣದ ಲೆಕ್ಕದಿಂದ. ಎರಡೂ ಒಂದೇ ಸಾಲಿನಲ್ಲಿ ಕಾಣುವಂತೆ ಕೋಷ್ಟಕ ಮಾಡಿಕೊಳ್ಳುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಬೇಕಾಗಿರುವುದು ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಯಾವುದಾದರೂ ಸ್ಪ್ರೆಡ್‌ಶೀಟ್ ಮತ್ತು ಅಡುಗೆಮನೆಯ ಒಂದು ಡಿಜಿಟಲ್ ತಕ್ಕಡಿ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕ್ಯಾಲ್ಕುಲೇಟರ್ ಹಿಡಿದೂ ಮಾಡಬಹುದು. ಲೆಕ್ಕ ಅದೇ.

ಉದಾಹರಣೆಗೆ ಆರು ತಿಂಡಿಗಳನ್ನು ತೆಗೆದುಕೊಳ್ಳುತ್ತೇನೆ: ಹುರಿದ ಕಡಲೆ, ಗ್ಲೂಕೋಸ್ ಬಿಸ್ಕತ್ತು, ಕಡಲೆಬೀಜದ ಚಿಕ್ಕಿ, ಕಾಂಗ್ರೆಸ್ ಕಡಲೆಬೀಜ, ಪ್ರೋಟೀನ್ ಬಾರ್ ಮತ್ತು ಅಮೆರಿಕದ ಅಂಗಡಿಯಲ್ಲಿ ಸಿಗುವ ಅವಲಕ್ಕಿ ಮಿಕ್ಸ್ಚರ್. ಇಲ್ಲಿರುವ ಅಂಕಿಗಳು ಯಾವುದೇ ಕಂಪನಿಯವಲ್ಲ. ಇಂತಹ ತಿಂಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಟ್ಟಕ್ಕೆ ಹತ್ತಿರವಾಗಿ ಲೆಕ್ಕ ತೋರಿಸಲು ಇಟ್ಟುಕೊಂಡ ಮಾದರಿ ಅಂಕಿಗಳು. ನಿಮ್ಮ ಪೊಟ್ಟಣದ ಅಂಕಿಗಳನ್ನು ನಿಮ್ಮ ಪೊಟ್ಟಣದಿಂದಲೇ ಬರೆದುಕೊಳ್ಳಿ.

ಲೇಬಲ್ ಓದುವಾಗ ಮೊದಲು ನೋಡಬೇಕಾದದ್ದು

ಭಾರತದಲ್ಲಿ ಪೊಟ್ಟಣದ ಆಹಾರದ ಪೋಷಕಾಂಶ ಪಟ್ಟಿ ಹೇಗಿರಬೇಕೆಂಬುದನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ಲೇಬಲಿಂಗ್ ನಿಯಮಗಳು ಹೇಳುತ್ತವೆ. ಅದರಂತೆ ಎನರ್ಜಿ, ಪ್ರೋಟೀನ್, ಕಾರ್ಬೊಹೈಡ್ರೇಟ್, ಅದರೊಳಗಿನ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆ, ಕೊಬ್ಬು, ಸೋಡಿಯಂ ಇವುಗಳನ್ನು 100 ಗ್ರಾಂಗೆ, ಇಲ್ಲವೇ ಒಂದೇ ಸಲಕ್ಕೆ ತಿಂದು ಮುಗಿಸುವ ಪೊಟ್ಟಣವಾದರೆ ಆ ಪೊಟ್ಟಣಕ್ಕೆ, ಇಷ್ಟೆಂದು ಕೊಡಬೇಕು. ಜೊತೆಗೆ ಒಂದು ಸರ್ವಿಂಗ್ ತಿಂದರೆ ದಿನದ ಅಗತ್ಯದಲ್ಲಿ ಶೇಕಡಾ ಎಷ್ಟು ಸಿಗುತ್ತದೆ ಎಂಬುದನ್ನು 'ಆರ್‌ಡಿಎ' ಹೆಸರಿನ ಅಂಕಣದಲ್ಲಿ ಕೊಡಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಸಾಲಿನಲ್ಲಿ ಪಕ್ಕಪಕ್ಕ ಇರುವ ಎರಡು ಅಂಕಿಗಳ ಆಧಾರ ಬೇರೆ ಬೇರೆ. ಗ್ರಾಂ ಅಂಕಿ 100 ಗ್ರಾಂ ತಿಂಡಿಗೆ ಸಂಬಂಧಿಸಿದ್ದು. ಶೇಕಡಾ ಅಂಕಿ ಒಂದು ಸರ್ವಿಂಗ್‌ಗೆ. ನಮ್ಮ ಚಿಕ್ಕಿಯನ್ನೇ ನೋಡಿ. ಸೇರಿಸಿದ ಸಕ್ಕರೆಯ ಸಾಲಿನಲ್ಲಿ 42 ಗ್ರಾಂ ಎಂದಿದೆ, ಅದರ ಮುಂದೆ ಶೇ 21 ಎಂದಿದೆ. 42 ಗ್ರಾಂ ಸಕ್ಕರೆ ಎಂದರೆ ದಿನದ ಮಿತಿಯ ಶೇ 21 ಎಂದು ಯಾರಾದರೂ ಓದಿಕೊಂಡರೆ ದಿನಕ್ಕೆ 200 ಗ್ರಾಂ ಸಕ್ಕರೆ ತಿನ್ನಬಹುದು ಎಂದಾಗುತ್ತದೆ. ನಿಯಮದಲ್ಲಿ ಸೇರಿಸಿದ ಸಕ್ಕರೆಗೆ ಹಿಡಿದಿರುವುದು ದಿನಕ್ಕೆ 50 ಗ್ರಾಂ. ಚಿಕ್ಕಿಯ ಒಂದು ತುಂಡು 25 ಗ್ರಾಂ, ಅದರಲ್ಲಿ ಸೇರಿಸಿದ ಸಕ್ಕರೆ 10.5 ಗ್ರಾಂ, 50ಕ್ಕೆ 10.5 ಎಂದರೆ ಶೇ 21. ಹೀಗೆ ಕೂಡಿ ಬರುತ್ತದೆ. ಕೋಷ್ಟಕಕ್ಕೆ ಶೇಕಡಾ ಅಂಕಣವನ್ನು ತೆಗೆದುಕೊಳ್ಳಬೇಡಿ. ಅದನ್ನು ಗ್ರಾಂ ಅಂಕಿ ಸರಿಯಾಗಿ ಓದಿದ್ದೀರಾ ಎಂದು ತಾಳೆ ನೋಡುವುದಕ್ಕೆ ಇಟ್ಟುಕೊಳ್ಳಿ.

ಎಲ್ಲ ಪೊಟ್ಟಣಗಳೂ 100 ಗ್ರಾಂ ಲೆಕ್ಕ ಕೊಡುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಪ್ರೋಟೀನ್ ಬಾರ್ ಒಂದೇ ಸಲಕ್ಕೆ ತಿನ್ನುವ ವಸ್ತುವಾದ್ದರಿಂದ 40 ಗ್ರಾಂ ಬಾರ್‌ಗೆ ಇಷ್ಟು ಎಂದಷ್ಟೇ ಇರಬಹುದು. ಅಮೆರಿಕದ ಲೇಬಲ್ ಸರ್ವಿಂಗ್ ಲೆಕ್ಕದಲ್ಲೇ ಇರುತ್ತದೆ. ಅಲ್ಲಿರುವ ಕನ್ನಡಿಗರು ಇಂಡಿಯನ್ ಸ್ಟೋರ್‌ನಿಂದ ತರುವ ಖಾರದ ಪೊಟ್ಟಣಗಳ ಮೇಲೆ 28 ಅಥವಾ 30 ಗ್ರಾಂಗೆ ಎಂದು ಅಂಟಿಸಿರುವ ಚೀಟಿಯನ್ನು ನೋಡಿರುತ್ತಾರೆ. ಯುರೋಪಿನಲ್ಲಿ 100 ಗ್ರಾಂ ಲೆಕ್ಕ ಕಡ್ಡಾಯ, ಆದರೆ ಶಕ್ತಿಯನ್ನು ಕಿಲೋಜೂಲ್‌ನಲ್ಲೂ ಕಿಲೋಕ್ಯಾಲೊರಿಯಲ್ಲೂ ಕೊಡುತ್ತಾರೆ. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು ಈ ಕಿಲೋಕ್ಯಾಲೊರಿಯನ್ನೇ. ಈ ಮೂರು ಬಗೆಯ ಲೇಬಲ್‌ಗಳೂ ಒಂದೇ ಕೋಷ್ಟಕದಲ್ಲಿ ಸರಿಯಾಗಿ ಕೂರಬೇಕು.

ಅಂಕಣಗಳನ್ನು ಹಾಕಿಕೊಳ್ಳುವುದು

ಮೊದಲ ಸಾಲನ್ನು ತಲೆಬರಹಕ್ಕೆ ಬಿಡಿ. `A` ಅಂಕಣದಲ್ಲಿ ತಿಂಡಿಯ ಹೆಸರು. `B`ಯಲ್ಲಿ ಲೇಬಲ್ ಹೇಳುವ ಸರ್ವಿಂಗ್ ಎಷ್ಟು ಗ್ರಾಂ ಎಂಬುದು. `C`ಯಲ್ಲಿ ನಾವು ನಿಜವಾಗಿ ತಿನ್ನುವ ಪ್ರಮಾಣ ಎಷ್ಟು ಗ್ರಾಂ ಎಂಬುದು. ಸದ್ಯಕ್ಕೆ `B`ಯ ಅಂಕಿಯನ್ನೇ ಅಲ್ಲಿ ಬರೆದಿಡಿ, ಆಮೇಲೆ ಬದಲಾಯಿಸೋಣ. `D`ಯಲ್ಲಿ ಲೇಬಲ್‌ನ ಆಧಾರ. `E`, `F`, `G` ಅಂಕಣಗಳಲ್ಲಿ ಲೇಬಲ್‌ನಲ್ಲಿ ಕಂಡ ಕ್ಯಾಲೊರಿ, ಪ್ರೋಟೀನ್, ಒಟ್ಟು ಸಕ್ಕರೆ.

ಇಡೀ ಕೋಷ್ಟಕ ನಿಂತಿರುವುದು `D` ಅಂಕಣದ ಮೇಲೆ. ಲೇಬಲ್‌ನ ಅಂಕಿಗಳು ಎಷ್ಟು ಗ್ರಾಂ ತಿಂಡಿಗೆ ಸಂಬಂಧಿಸಿದವು ಎಂಬುದನ್ನು ಅಲ್ಲಿ ಬರೆಯಬೇಕು. ಚಿಕ್ಕಿ, ಬಿಸ್ಕತ್ತು, ಕಡಲೆ, ಕಾಂಗ್ರೆಸ್ ಕಡಲೆಬೀಜ ಇವಕ್ಕೆ 100. ಪ್ರೋಟೀನ್ ಬಾರ್‌ಗೆ 40. ಅವಲಕ್ಕಿ ಮಿಕ್ಸ್ಚರಿಗೆ 28. ಈ ಒಂದು ಅಂಕಣವಿದ್ದರೆ ಯಾವ ದೇಶದ, ಯಾವ ಬಗೆಯ ಲೇಬಲ್ ಆದರೂ ಮನಸ್ಸಿನಲ್ಲಿ ಗುಣಾಕಾರ ಮಾಡಿ ಬರೆಯುವ ಗೊಡವೆಯಿಲ್ಲ. ಲೇಬಲ್‌ನಲ್ಲಿ ಕಂಡದ್ದನ್ನು ಕಂಡಂತೆ ಬರೆಯುತ್ತೀರಿ, ಆಮೇಲೆ ಪೊಟ್ಟಣದೊಂದಿಗೆ ಹೋಲಿಸಿ ತಪ್ಪು ಹುಡುಕುವುದೂ ಸುಲಭವಾಗುತ್ತದೆ.

ಅಂಕಿಯ ಜೊತೆ 'ಗ್ರಾಂ' ಎಂದೋ `g` ಎಂದೋ ಬರೆಯಬೇಡಿ. ಮಾನ ತಲೆಬರಹದಲ್ಲಿದ್ದರೆ ಸಾಕು. ಕೋಶದಲ್ಲಿ `28 g` ಎಂದಿದ್ದರೆ ಸ್ಪ್ರೆಡ್‌ಶೀಟ್ ಅದನ್ನು ಅಕ್ಷರವೆಂದು ತಿಳಿದು `#VALUE!` ಎಂದು ತೋರಿಸುತ್ತದೆ. `D` ಖಾಲಿ ಬಿಟ್ಟಿದ್ದರೆ `#DIV/0!` ಬರುತ್ತದೆ. ಈ ಎರಡು ಕಂಡರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಸೂತ್ರಗಳು

`H`, `I`, `J` ಅಂಕಣಗಳಲ್ಲಿ 100 ಗ್ರಾಂ ಲೆಕ್ಕ ಬರಬೇಕು. ಲೇಬಲ್ ಅಂಕಿಯನ್ನು ಆಧಾರದಿಂದ ಭಾಗಿಸಿ 100ರಿಂದ ಗುಣಿಸಿದರೆ ಆಯಿತು. `H2` ಕೋಶದಲ್ಲಿ ಇದನ್ನು ಬರೆಯಿರಿ:

```
=IF(E2="","",E2/$D2*100)
```

ಇದನ್ನು ಬಲಕ್ಕೆ `J2`ವರೆಗೆ ಎಳೆದರೆ ಪ್ರೋಟೀನ್, ಸಕ್ಕರೆಗಳಿಗೂ ಸೂತ್ರ ತಾನೇ ಹೊಂದಿಕೊಳ್ಳುತ್ತದೆ. `D`ಯ ಹಿಂದಿನ ಡಾಲರ್ ಚಿಹ್ನೆ ಆ ಅಂಕಣವನ್ನು ಕದಲದಂತೆ ಹಿಡಿದಿಡುತ್ತದೆ. ಅದಿಲ್ಲದಿದ್ದರೆ ಬಲಕ್ಕೆ ಎಳೆದಾಗ ಪ್ರೋಟೀನನ್ನು ಕ್ಯಾಲೊರಿಯಿಂದ ಭಾಗಿಸಿದ ಅಸಂಬದ್ಧ ಅಂಕಿ ಬರುತ್ತದೆ, ಅದು ತಪ್ಪೆಂದು ಥಟ್ಟನೆ ಗೊತ್ತಾಗುವುದೂ ಇಲ್ಲ.

ಸೂತ್ರದ ಮೊದಲ ಭಾಗ, ಲೇಬಲ್ ಅಂಕಿ ಖಾಲಿಯಿದ್ದರೆ ಉತ್ತರವನ್ನೂ ಖಾಲಿ ಬಿಡು ಎನ್ನುವುದು, ಶೋಕಿಗೆ ಹಾಕಿದ್ದಲ್ಲ. ಹಳೆಯ ಅಥವಾ ಸಣ್ಣ ತಯಾರಕರ ಪೊಟ್ಟಣಗಳಲ್ಲಿ ಸಕ್ಕರೆಯ ಸಾಲೇ ಇಲ್ಲದಿರುವುದುಂಟು. ಸ್ಪ್ರೆಡ್‌ಶೀಟ್ ಖಾಲಿ ಕೋಶವನ್ನು ಸೊನ್ನೆ ಎಂದು ಲೆಕ್ಕ ಹಾಕುತ್ತದೆ. ಆಗ ಸಕ್ಕರೆ ಎಷ್ಟೆಂದು ಹೇಳದ ತಿಂಡಿ, ಸಕ್ಕರೆಯೇ ಇಲ್ಲದ ತಿಂಡಿಯಾಗಿ ನಿಮ್ಮ ಪಟ್ಟಿಯ ತುದಿಯಲ್ಲಿ ಹೋಗಿ ಕೂರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದು ಸಣ್ಣ ತಪ್ಪಲ್ಲ. ಲೇಬಲ್‌ನಲ್ಲಿ 0 ಎಂದಿದ್ದರೆ 0 ಬರೆಯಿರಿ. ಏನೂ ಇಲ್ಲದಿದ್ದರೆ ಖಾಲಿ ಬಿಡಿ.

`K`, `L`, `M` ಅಂಕಣಗಳಲ್ಲಿ ಪ್ರಮಾಣದ ಲೆಕ್ಕ. `K2`ನಲ್ಲಿ ಬರೆದು ಬಲಕ್ಕೆ ಎಳೆಯಿರಿ:

```
=IF(H2="","",H2*$C2/100)
```

ಕೊನೆಯದಾಗಿ `N` ಅಂಕಣ: 100 ಕ್ಯಾಲೊರಿಗೆ ಸಿಗುವ ಪ್ರೋಟೀನ್. ಪ್ರಮಾಣ ಎಷ್ಟೇ ಇರಲಿ ಈ ಅಂಕಿ ಬದಲಾಗುವುದಿಲ್ಲ. ಪ್ರೋಟೀನ್‌ಗಾಗಿಯೇ ತಿಂಡಿ ಆರಿಸುವವರಿಗೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ಅಳತೆ.

```
=IF(OR(H2="",I2=""),"",I2/H2*100)
```

ಈಗ ಎರಡನೇ ಸಾಲಿನ ಈ ಏಳು ಕೋಶಗಳನ್ನು ಆರಿಸಿ ಕೆಳಕ್ಕೆ ಎಳೆದರೆ ಆರೂ ತಿಂಡಿಗಳ ಲೆಕ್ಕ ತುಂಬಿಕೊಳ್ಳುತ್ತದೆ. ಬರೆದುಕೊಂಡ ಅಂಕಣಗಳನ್ನು ಬಿಟ್ಟು ಉತ್ತರದ ಅಂಕಣಗಳನ್ನಷ್ಟೇ ಇಟ್ಟರೆ, 100 ಗ್ರಾಂ ಕ್ಯಾಲೊರಿಯ ಏರಿಕೆಯ ಕ್ರಮದಲ್ಲಿ ಹೀಗೆ ಕಾಣುತ್ತದೆ:

| ತಿಂಡಿ | 100 ಗ್ರಾಂಗೆ ಕ್ಯಾಲೊರಿ | 100 ಗ್ರಾಂಗೆ ಪ್ರೋಟೀನ್ | 100 ಗ್ರಾಂಗೆ ಸಕ್ಕರೆ | ಸರ್ವಿಂಗ್ (ಗ್ರಾಂ) | ಸರ್ವಿಂಗ್‌ಗೆ ಕ್ಯಾಲೊರಿ | ಸರ್ವಿಂಗ್‌ಗೆ ಪ್ರೋಟೀನ್ | ಸರ್ವಿಂಗ್‌ಗೆ ಸಕ್ಕರೆ | 100 ಕ್ಯಾಲೊರಿಗೆ ಪ್ರೋಟೀನ್ |
|---|---|---|---|---|---|---|---|---|
| ಹುರಿದ ಕಡಲೆ | 380 | 20 | 3 | 30 | 114 | 6 | 0.9 | 5.3 |
| ಪ್ರೋಟೀನ್ ಬಾರ್ | 420 | 25 | 20 | 40 | 168 | 10 | 8 | 6.0 |
| ಗ್ಲೂಕೋಸ್ ಬಿಸ್ಕತ್ತು | 450 | 7 | 25 | 20 | 90 | 1.4 | 5 | 1.6 |
| ಕಡಲೆಬೀಜದ ಚಿಕ್ಕಿ | 500 | 15 | 44 | 25 | 125 | 3.8 | 11 | 3.0 |
| ಅವಲಕ್ಕಿ ಮಿಕ್ಸ್ಚರ್ | 536 | 10.7 | 7.1 | 28 | 150 | 3 | 2 | 2.0 |
| ಕಾಂಗ್ರೆಸ್ ಕಡಲೆಬೀಜ | 580 | 24 | 4 | 30 | 174 | 7.2 | 1.2 | 4.1 |

ಕ್ರಮ ಬದಲಿಸಿ ನೋಡುವಾಗ ಹೆಸರಿನ ಅಂಕಣವೂ ಸೇರಿದಂತೆ ಇಡೀ ಪಟ್ಟಿಯನ್ನು ಆರಿಸಿಕೊಂಡೇ ವಿಂಗಡಿಸಿ. ಒಂದು ಅಂಕಣವನ್ನಷ್ಟೇ ವಿಂಗಡಿಸಿದರೆ ಹೆಸರು ಒಂದು ಕಡೆ, ಅಂಕಿ ಒಂದು ಕಡೆ ಆಗಿಬಿಡುತ್ತದೆ.

ಅಂಕಿ ಸರಿಯಾಗಿದೆಯೇ ಎಂದು ನೋಡುವುದು

ಕೋಷ್ಟಕ ತುಂಬಿದ ಕೂಡಲೇ ತೀರ್ಮಾನಕ್ಕೆ ಹೋಗಬೇಡಿ. ಚಿಕ್ಕ ಅಕ್ಷರದ ಲೇಬಲ್ ಓದುವಾಗ ಸಾಲು ತಪ್ಪುವುದು, ದಶಮಾಂಶ ಬಿಂದು ಬಿಟ್ಟುಹೋಗುವುದು ಸಾಮಾನ್ಯ. ಇದನ್ನು ಹಿಡಿಯಲು ಒಂದು ಒಳ್ಳೆಯ ಉಪಾಯವಿದೆ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ, ಒಂದು ಗ್ರಾಂ ಕಾರ್ಬೊಹೈಡ್ರೇಟ್‌ಗೆ 4, ಒಂದು ಗ್ರಾಂ ಕೊಬ್ಬಿಗೆ 9. ಈ ಲೆಕ್ಕದಲ್ಲಿ ಕೂಡಿಸಿದರೆ ಲೇಬಲ್‌ನ ಎನರ್ಜಿ ಅಂಕಿಯ ಆಸುಪಾಸಿಗೆ ಬರಬೇಕು.

ಚಿಕ್ಕಿಯ ಲೇಬಲ್‌ನಲ್ಲಿ 100 ಗ್ರಾಂಗೆ ಪ್ರೋಟೀನ್ 15, ಕಾರ್ಬೊಹೈಡ್ರೇಟ್ 49, ಕೊಬ್ಬು 27 ಎಂದಿದೆ ಎನ್ನೋಣ. 15ಕ್ಕೆ 60, 49ಕ್ಕೆ 196, 27ಕ್ಕೆ 243. ಒಟ್ಟು 499. ಲೇಬಲ್ 500 ಎನ್ನುತ್ತದೆ. ಸರಿಯಿದೆ. ಇದರ ಬದಲು ಪ್ರೋಟೀನನ್ನು 1.5 ಎಂದು ಬರೆದುಕೊಂಡಿದ್ದರೆ ಮೊತ್ತ 445 ಆಗುತ್ತಿತ್ತು, ಏನೋ ತಪ್ಪಿದೆಯೆಂದು ಆಗಲೇ ಗೊತ್ತಾಗುತ್ತಿತ್ತು. ಹತ್ತಿಪ್ಪತ್ತು ಕ್ಯಾಲೊರಿಯ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾರಿನಂಶ ಹೆಚ್ಚಿರುವ ಕಡಲೆಯಲ್ಲಿ ವ್ಯತ್ಯಾಸ ಇನ್ನೂ ಸ್ವಲ್ಪ ಜಾಸ್ತಿ ಬರಬಹುದು, ಏಕೆಂದರೆ ನಾರಿಗೆ ಗ್ರಾಂಗೆ ಸುಮಾರು 2 ಕ್ಯಾಲೊರಿ ಮಾತ್ರ. ಮಾಲ್ಟಿಟಾಲ್‌ನಂತಹ ಸಕ್ಕರೆಯ ಬದಲಿಗಳನ್ನು ಹಾಕಿದ ಬಾರ್‌ಗಳಲ್ಲೂ ಹೀಗೆಯೇ; ಅವು ಸಕ್ಕರೆಗಿಂತ ಕಡಿಮೆ ಕ್ಯಾಲೊರಿ ಕೊಡುತ್ತವೆ, ಆದರೆ ಕಾರ್ಬೊಹೈಡ್ರೇಟ್ ಮೊತ್ತದಲ್ಲಿ ಸೇರಿರುತ್ತವೆ.

ಇನ್ನೆರಡು ಗಡಿಗಳು ನೆನಪಿರಲಿ. 100 ಗ್ರಾಂಗೆ ಸುಮಾರು 900 ಕ್ಯಾಲೊರಿಗಿಂತ ಹೆಚ್ಚು ಕೊಡುವ ಆಹಾರವೇ ಇಲ್ಲ, ಏಕೆಂದರೆ ಶುದ್ಧ ಎಣ್ಣೆಗೇ ಅಷ್ಟು. ನಿಮ್ಮ ಕೋಷ್ಟಕದಲ್ಲಿ ಯಾವುದಾದರೂ ತಿಂಡಿ 2,000 ದಾಟಿದ್ದರೆ ಕಿಲೋಜೂಲ್ ಅಂಕಿಯನ್ನು ಬರೆದುಕೊಂಡಿದ್ದೀರಿ. ಅದನ್ನು 4.184ರಿಂದ ಭಾಗಿಸಿ: 2,092 ಕಿಲೋಜೂಲ್ ಎಂದರೆ 500 ಕಿಲೋಕ್ಯಾಲೊರಿ. ಇನ್ನೊಂದು, ಒಟ್ಟು ಸಕ್ಕರೆ ಎಂದೂ ಕಾರ್ಬೊಹೈಡ್ರೇಟ್‌ಗಿಂತ ಹೆಚ್ಚಿರಲಾರದು, ಸೇರಿಸಿದ ಸಕ್ಕರೆ ಒಟ್ಟು ಸಕ್ಕರೆಗಿಂತ ಹೆಚ್ಚಿರಲಾರದು. ಹೆಚ್ಚಿದ್ದರೆ ಸಾಲು ಅದಲುಬದಲಾಗಿದೆ.

ಅಮೆರಿಕದ ಲೇಬಲ್‌ಗೆ ಮಾತ್ರ ಪ್ರತ್ಯೇಕ ಎಚ್ಚರ ಬೇಕು. ಅಲ್ಲಿ 50ಕ್ಕಿಂತ ಹೆಚ್ಚಿನ ಕ್ಯಾಲೊರಿಯನ್ನು ಹತ್ತಿರದ ಹತ್ತಕ್ಕೆ, ಪ್ರೋಟೀನ್ ಮತ್ತು ಸಕ್ಕರೆಯನ್ನು ಹತ್ತಿರದ ಪೂರ್ಣ ಗ್ರಾಂಗೆ ಸರಿಹೊಂದಿಸಿ ಬರೆಯುತ್ತಾರೆ. ಮಿಕ್ಸ್ಚರಿನ 28 ಗ್ರಾಂಗೆ ಪ್ರೋಟೀನ್ 3 ಎಂದಿದ್ದರೆ ನಿಜವಾದ ಅಂಕಿ 2.5ರಿಂದ 3.5ರ ನಡುವೆ ಎಲ್ಲಾದರೂ ಇರಬಹುದು. 100 ಗ್ರಾಂಗೆ ಹಿಗ್ಗಿಸಿದಾಗ ಆ ಅರ್ಧ ಗ್ರಾಂ ಕೂಡ ಹಿಗ್ಗುತ್ತದೆ. ಸುಮಾರು 9ರಿಂದ 12.5 ಗ್ರಾಂ ತನಕ ಯಾವುದೂ ಸಾಧ್ಯ. ಸ್ಪ್ರೆಡ್‌ಶೀಟ್ 10.714 ಎಂದು ತೋರಿಸಿದರೂ ಅಷ್ಟು ನಿಖರತೆ ಅಲ್ಲಿಲ್ಲ. ಆದ್ದರಿಂದ ಮಿಕ್ಸ್ಚರಿಗೆ 10.7, ಇನ್ನೊಂದಕ್ಕೆ 11.5 ಎಂದು ಬಂದಾಗ ಎರಡನೆಯದೇ ಮೇಲೆಂದು ಹೇಳಲಾಗದು. ಸಕ್ಕರೆ 0 ಎಂದಿದ್ದರೂ ಅರ್ಧ ಗ್ರಾಂನೊಳಗೆ ಇರಬಹುದು. ಇಂತಹ ಸಾಲುಗಳಿಗೆ ನಾನು ಬೇರೆ ಬಣ್ಣ ಹಚ್ಚಿಡುತ್ತೇನೆ.

ತಕ್ಕಡಿಯ ಕೆಲಸ

ಈಗ `C` ಅಂಕಣಕ್ಕೆ ಮರಳೋಣ. ಇಲ್ಲಿಯವರೆಗೆ ಅಲ್ಲಿದ್ದದ್ದು ಲೇಬಲ್‌ನ ಸರ್ವಿಂಗ್. ಅದನ್ನು ತೆಗೆದು ನಿಮ್ಮ ಮನೆಯ ಪ್ರಮಾಣವನ್ನು ಹಾಕಬೇಕು.

ತಕ್ಕಡಿಯ ಮೇಲೆ ದಿನವೂ ತಿಂಡಿ ಹಾಕಿಕೊಳ್ಳುವ ಬಟ್ಟಲನ್ನೇ ಇಡಿ. ತೂಕವನ್ನು ಸೊನ್ನೆ ಮಾಡುವ ಗುಂಡಿ ಒತ್ತಿ. ಆಮೇಲೆ ತಕ್ಕಡಿಯ ಅಂಕಿಯ ಕಡೆ ನೋಡದೆ, ಸಂಜೆ ಕಾಫಿಯ ಜೊತೆ ಹಾಕಿಕೊಳ್ಳುವಷ್ಟನ್ನೇ ಸುರಿಯಿರಿ. ಸುರಿದ ಮೇಲೆ ಅಂಕಿ ನೋಡಿ ಬರೆದುಕೊಳ್ಳಿ. ಅಂಕಿ ನೋಡುತ್ತಾ ಸುರಿದರೆ ಕೈ ತಾನಾಗಿ 30 ಗ್ರಾಂಗೆ ನಿಲ್ಲುತ್ತದೆ, ಅಳೆದ ಉದ್ದೇಶವೇ ಹಾಳಾಗುತ್ತದೆ. ಮನೆಯಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಪ್ರಮಾಣ ತಿನ್ನುವುದರಿಂದ ಅಪ್ಪನಿಗೊಂದು, ಮಗಳಿಗೊಂದು ಎಂದು ಸಾಲುಗಳನ್ನು ನಕಲು ಮಾಡಿ `C` ಬದಲಾಯಿಸಿದರೂ ಆದೀತು. ಬಿಸ್ಕತ್ತಿನಂತಹ ಎಣಿಸಬಹುದಾದ ತಿಂಡಿಗೆ ತಕ್ಕಡಿ ಒಂದೇ ಸಲ ಸಾಕು: ಹತ್ತು ಬಿಸ್ಕತ್ತು ತೂಗಿ ಹತ್ತರಿಂದ ಭಾಗಿಸಿದರೆ ಒಂದರ ತೂಕ ಸಿಗುತ್ತದೆ.

ಕಾಂಗ್ರೆಸ್ ಕಡಲೆಬೀಜದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಮೆಣಸು, ಇಂಗು, ಕರಿಬೇವು ಹಾಕಿದ ಈ ಕಡಲೆಬೀಜ ಬಾಯಿಗೆ ಹಿಡಿಯಿತೆಂದರೆ 30 ಗ್ರಾಂಗೆ ನಿಲ್ಲಿಸುವುದು ಕಷ್ಟ. ಲೇಬಲ್‌ನ 30 ಗ್ರಾಂಗೆ 174 ಕ್ಯಾಲೊರಿ, 7.2 ಗ್ರಾಂ ಪ್ರೋಟೀನ್. ಬಟ್ಟಲಿಗೆ ಬಿದ್ದದ್ದು 50 ಗ್ರಾಂ ಆಗಿದ್ದರೆ 290 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಎಂಟು ತಿನ್ನುವವರಿಗೆ 40 ಗ್ರಾಂ, ಅಂದರೆ 180 ಕ್ಯಾಲೊರಿ, 10 ಗ್ರಾಂ ಸಕ್ಕರೆ. ಸರ್ವಿಂಗ್ ಲೆಕ್ಕದಲ್ಲಿ ಎಲ್ಲಕ್ಕಿಂತ ಹಗುರವಾಗಿದ್ದ ಬಿಸ್ಕತ್ತು ಈಗ ಪ್ರೋಟೀನ್ ಬಾರನ್ನೂ ದಾಟಿತು, ಸಕ್ಕರೆಯಲ್ಲಿ ಚಿಕ್ಕಿಯ ಒಂದು ತುಂಡಿಗೆ ಸಮೀಪ ಬಂದಿತು. ಪ್ರೋಟೀನ್ ಮಾತ್ರ 2.8 ಗ್ರಾಂನಲ್ಲೇ ಇದೆ.

ಚಿಕ್ಕಿಯ ವಿಷಯದಲ್ಲಿ ಆಗುವುದು ಬೇರೆ. 100 ಗ್ರಾಂ ಅಂಕಣ ನೋಡಿದರೆ 44 ಗ್ರಾಂ ಸಕ್ಕರೆ ಎದೆ ನಡುಗಿಸುತ್ತದೆ, ಪ್ರೋಟೀನ್ ಬಾರ್‌ನ 20ಕ್ಕೆ ಎರಡು ಪಟ್ಟಿಗೂ ಮೀರಿ. ಒಂದು ತುಂಡು ಮತ್ತು ಒಂದು ಬಾರ್ ಹೋಲಿಸಿದರೆ 11 ಮತ್ತು 8. ಅಂತರ 3 ಗ್ರಾಂ ಮಾತ್ರ. ಒಂದೇ ತುಂಡಿಗೆ ನಿಲ್ಲಿಸಬಲ್ಲವರಿಗೆ ಚಿಕ್ಕಿ ಅಷ್ಟೇನೂ ಕೆಟ್ಟ ಆಯ್ಕೆಯಲ್ಲ. ಇಡೀ ಪೊಟ್ಟಣ ಮುಗಿಸುವವರು ನೋಡಬೇಕಾದದ್ದು 100 ಗ್ರಾಂ ಅಂಕಣವನ್ನೇ.

ಸಕ್ಕರೆಯ ಅಂಕಣ ಹೇಳದೆ ಬಿಡುವುದು

ಲೇಬಲ್‌ನಲ್ಲಿ ಎರಡು ಸಕ್ಕರೆ ಸಾಲುಗಳಿರುತ್ತವೆ. ಒಟ್ಟು ಸಕ್ಕರೆಯಲ್ಲಿ ಪದಾರ್ಥದಲ್ಲೇ ಸಹಜವಾಗಿರುವುದೂ ಹೊರಗಿನಿಂದ ಹಾಕಿದ್ದೂ ಸೇರಿರುತ್ತದೆ. ಚಿಕ್ಕಿಯ 44 ಗ್ರಾಂನಲ್ಲಿ 42 ಗ್ರಾಂ ಬೆಲ್ಲದ್ದು. ಬೆಲ್ಲವಾದರೂ ಅದು ಸೇರಿಸಿದ ಸಕ್ಕರೆಯೇ. ಖರ್ಜೂರದ ಬಾರ್‌ನಲ್ಲಿ ಇದಕ್ಕೆ ತದ್ವಿರುದ್ಧ: ಸೇರಿಸಿದ ಸಕ್ಕರೆ 0 ಎಂದು ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುತ್ತಾರೆ, ಒಟ್ಟು ಸಕ್ಕರೆ ಮಾತ್ರ ಖರ್ಜೂರದಿಂದಲೇ ಧಾರಾಳವಾಗಿ ಬಂದಿರುತ್ತದೆ. ಎಲ್ಲ ತಿಂಡಿಗಳಿಗೂ ಒಂದೇ ಬಗೆಯ ಅಂಕಿಯಿರಬೇಕಾದ್ದರಿಂದ `G` ಅಂಕಣಕ್ಕೆ ಒಟ್ಟು ಸಕ್ಕರೆಯನ್ನೇ ಬರೆಯಿರಿ. ಸೇರಿಸಿದ ಸಕ್ಕರೆಗೆ ಕೊನೆಯಲ್ಲಿ ಬೇರೆ ಅಂಕಣ ಹಾಕಿಕೊಳ್ಳಬಹುದು. ಒಂದು ತಿಂಡಿಗೆ ಇದು, ಇನ್ನೊಂದಕ್ಕೆ ಅದು ಎಂದು ಬೆರೆಸಿದರೆ ಕೋಷ್ಟಕ ಕೆಟ್ಟಂತೆಯೇ.

ಸಕ್ಕರೆ ಕಾಯಿಲೆಯವರಿಗಾಗಿ ಕೋಷ್ಟಕ ಮಾಡುತ್ತಿದ್ದರೆ ಸಕ್ಕರೆಯ ಅಂಕಣವೊಂದನ್ನೇ ನಂಬಬೇಡಿ. ಅವಲಕ್ಕಿ ಮಿಕ್ಸ್ಚರಿನಲ್ಲಿ ಸಕ್ಕರೆ ಕಡಿಮೆ, ಆದರೆ ಅವಲಕ್ಕಿಯ ಪಿಷ್ಟವೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಮೈದಾದ ಬಿಸ್ಕತ್ತಿನಲ್ಲಿ ಸಕ್ಕರೆ 25 ಗ್ರಾಂ ಆದರೆ ಒಟ್ಟು ಕಾರ್ಬೊಹೈಡ್ರೇಟ್ 76ರಷ್ಟಿರಬಹುದು. ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪುಡಿಯನ್ನು ಹಲವು ಬಾರ್‌ಗಳಲ್ಲಿ, ಮಸಾಲೆ ತಿಂಡಿಗಳಲ್ಲಿ ಬಳಸುತ್ತಾರೆ. ಅದು ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ, ಆದರೆ ಬಹುಪಾಲು ಸಕ್ಕರೆಯ ಸಾಲಿಗೆ ಬರುವುದೇ ಇಲ್ಲ. ಆದ್ದರಿಂದ ಅವರ ಕೋಷ್ಟಕದಲ್ಲಿ ಕಾರ್ಬೊಹೈಡ್ರೇಟ್‌ಗೆ ಒಂದು ಅಂಕಣ ಇರಲೇಬೇಕು. ಸೂತ್ರ ಅದೇ, ಲೇಬಲ್ ಅಂಕಿಯನ್ನು ಆಧಾರದಿಂದ ಭಾಗಿಸಿ 100ರಿಂದ ಗುಣಿಸುವುದು. ಎಷ್ಟು ಗ್ರಾಂ ತಿನ್ನಬಹುದೆಂಬುದನ್ನು ವೈದ್ಯರು ಅಥವಾ ಪಥ್ಯತಜ್ಞರು ಹೇಳಬೇಕು. ಕೋಷ್ಟಕವನ್ನು ಅವರ ಮುಂದೆ ಇಟ್ಟರೆ ಅವರ ಕೆಲಸವೂ ಸುಲಭವಾಗುತ್ತದೆ.

ಪ್ರೋಟೀನ್‌ಗೂ ಒಂದು ಮಿತಿಯಿದೆ. 100 ಕ್ಯಾಲೊರಿಗೆ ಪ್ರೋಟೀನ್ ಅಂಕಣದಲ್ಲಿ ಬಾರ್ 6, ಹುರಿದ ಕಡಲೆ 5.3. ಇಷ್ಟು ಹತ್ತಿರವಿರುವಾಗ ಬಾರ್‌ನ 100 ಗ್ರಾಂಗೆ 20 ಗ್ರಾಂ ಸಕ್ಕರೆಯನ್ನೂ ಬೆಲೆಯನ್ನೂ ನೋಡಿದರೆ ನಾನು ಕಡಲೆಯನ್ನೇ ಆರಿಸುತ್ತೇನೆ. ಆದರೆ ಲೇಬಲ್ ಪ್ರೋಟೀನ್ ಎಷ್ಟೆಂದು ಹೇಳುತ್ತದೆಯೇ ಹೊರತು ಎಂಥದ್ದೆಂದು ಹೇಳುವುದಿಲ್ಲ. ಹಾಲಿನ ಪ್ರೋಟೀನ್ ಹಾಕಿದ ಬಾರ್‌ನಲ್ಲಿ ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳೆಲ್ಲ ತಕ್ಕ ಪ್ರಮಾಣದಲ್ಲಿರುತ್ತವೆ. ಕಡಲೆ, ಕಡಲೆಬೀಜಗಳಲ್ಲಿ ಕೆಲವು ಕಡಿಮೆ. ಅನ್ನ, ರೊಟ್ಟಿ, ಮಜ್ಜಿಗೆಯ ಊಟದ ನಡುವೆ ಅದು ಸರಿದೂಗುತ್ತದೆ.

ಲೇಬಲ್ ಇಲ್ಲದ ತಿಂಡಿ

ಕಾಂಡಿಮೆಂಟ್ಸ್ ಅಂಗಡಿಯಲ್ಲಿ ತೂಗಿ ಕೊಡುವ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳಿಗೆ ಪೋಷಕಾಂಶ ಪಟ್ಟಿ ಇರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದಲ್ಲಿ ಅಕ್ಕಿ, ಕಡಲೆಬೇಳೆ, ಕಡಲೆಬೀಜಗಳ ಅಂಕಿಗಳಿವೆ. ಹುರಿದ ಕಡಲೆಬೀಜದಂತಹ ಸರಳ ತಿಂಡಿಗೆ ಅದರಿಂದ ಅಂದಾಜು ಮಾಡಬಹುದು. ಕರಿದ ತಿಂಡಿಗೆ ಅದು ನಡೆಯುವುದಿಲ್ಲ. ಚಕ್ಕುಲಿ ಎಷ್ಟು ಎಣ್ಣೆ ಕುಡಿದಿದೆ ಎಂಬುದು ಹಿಟ್ಟಿನ ಹದ, ಬಾಣಲೆಯ ಬಿಸಿ, ಸುತ್ತಿನ ದಪ್ಪ ಇವುಗಳ ಮೇಲೆ ನಿಂತಿರುತ್ತದೆ, ಮತ್ತು ಕ್ಯಾಲೊರಿಯ ದೊಡ್ಡ ಪಾಲು ಆ ಎಣ್ಣೆಯಲ್ಲೇ ಇರುತ್ತದೆ. ಪೊಟ್ಟಣದ ಚಕ್ಕುಲಿಯ ಅಂಕಿಯನ್ನು ತಂದು ಅಂಗಡಿಯ ಚಕ್ಕುಲಿಗೆ ಬರೆಯುವುದಕ್ಕಿಂತ ಆ ಸಾಲನ್ನು ಖಾಲಿ ಬಿಡುವುದು ಮೇಲು. ತೀರಾ ಚಿಕ್ಕ ಪೊಟ್ಟಣಗಳಿಗೆ ಪೋಷಕಾಂಶ ಪಟ್ಟಿ ಹಾಕುವುದರಿಂದ ನಿಯಮದಲ್ಲೇ ವಿನಾಯಿತಿಯಿದೆ. ಅಂಥವಕ್ಕೆ ಅದೇ ತಯಾರಕರ, ಅದೇ ತಿಂಡಿಯ ದೊಡ್ಡ ಪೊಟ್ಟಣ ಹುಡುಕಿ ಅಲ್ಲಿಂದ 100 ಗ್ರಾಂ ಅಂಕಿ ಬರೆದುಕೊಳ್ಳಬಹುದು.

ಕೋಷ್ಟಕವನ್ನು ಹಳತಾಗದಂತೆ ಇಟ್ಟುಕೊಳ್ಳುವುದು

ಪ್ರತಿ ಸಾಲಿನ ಕೊನೆಯಲ್ಲಿ ಎರಡು ಅಂಕಣ ಸೇರಿಸಿ: ಪೊಟ್ಟಣದ ನಿವ್ವಳ ತೂಕ ಮತ್ತು ಲೇಬಲ್ ಓದಿದ ತಿಂಗಳು. ತಯಾರಕರು ಎಣ್ಣೆ ಬದಲಾಯಿಸುತ್ತಾರೆ, ಸಕ್ಕರೆ ಕಡಿಮೆ ಮಾಡುತ್ತಾರೆ, ಬೆಲೆ ಅದೇ ಇಟ್ಟು ತೂಕ ಇಳಿಸುತ್ತಾರೆ. ತೂಕ ಬದಲಾದದ್ದು ಕಂಡರೆ ಅಂಕಿಗಳನ್ನೂ ಮತ್ತೆ ಓದಿ. ಬಾರ್‌ನಂತಹ ಒಂದೇ ಸಲಕ್ಕೆ ತಿನ್ನುವ ಪೊಟ್ಟಣದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ 40 ಗ್ರಾಂ ಇದ್ದದ್ದು 36 ಆದರೆ `B`, `C`, `D` ಮೂರೂ ಅಂಕಣಗಳು ಬದಲಾಗಬೇಕು. `E`, `F`, `G`ಗಳನ್ನು ಹೊಸದಾಗಿ ಬರೆದು `D`ಯಲ್ಲಿ ಹಳೆಯ 40 ಬಿಟ್ಟುಬಿಟ್ಟರೆ, ಬಾರ್ ಚಿಕ್ಕದಾದದ್ದು ಕೋಷ್ಟಕದಲ್ಲಿ ಸಕ್ಕರೆ ಶೇ 10ರಷ್ಟು ಕಡಿಮೆಯಾದಂತೆ ಕಾಣುತ್ತದೆ. ಹೊಸ ಪೊಟ್ಟಣ ತಂದಾಗ ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಅಂಕಿಯ ಬಗ್ಗೆ ಅನುಮಾನ ಬಂದಾಗ ಪೊಟ್ಟಣ ಕಸದ ಬುಟ್ಟಿ ಸೇರಿರುತ್ತದೆ.